ಮೊದಲು ಇಳಿತ, ಆಮೇಲೆ ಏರಿಕೆ: ಬೂಸ್ಟ್ ಕನ್ವರ್ಟರ್ ಲೇಖನ ಕಳಿಸಿದವರಿಗೆ

“9ರಿಂದ 12 ವೋಲ್ಟ್ ತಗೊಂಡು 24 ವೋಲ್ಟ್, 2 ಆಂಪಿಯರ್ ತನಕ ಕೊಡುವ ಬೂಸ್ಟ್ ಕನ್ವರ್ಟರ್ ಬಗ್ಗೆ ಬರೆದಿದ್ದೇನೆ ಸರ್. 47 ಮೈಕ್ರೋಹೆನ್ರಿ, 220 ಮೈಕ್ರೋಫ್ಯಾರಡ್, 200 ಕಿಲೋಹರ್ಟ್ಸ್, ವೋಲ್ಟೇಜ್ ಮೋಡ್. ರೈಟ್ ಹಾಫ್ ಪ್ಲೇನ್ ಝೀರೋ ಇರುವಲ್ಲೇ ಒಂದು ಪೋಲ್ ಇಟ್ಟು ಅದನ್ನು ರದ್ದು ಮಾಡಿದ್ದೇನೆ. 12 ವೋಲ್ಟ್, 1 ಆಂಪಿಯರ್‌ಗೆ 5 ಕಿಲೋಹರ್ಟ್ಸ್ ಕ್ರಾಸ್‌ಓವರ್, 45 ಡಿಗ್ರಿ ಫೇಸ್ ಮಾರ್ಜಿನ್ ಬಂತು. ಹಾಕ್ತೀರಾ?”

ಈಗಿರುವ ಹಾಗೆ ಹಾಕಲು ಆಗುವುದಿಲ್ಲ. “ರದ್ದು ಮಾಡಿದ್ದೇನೆ” ಎಂಬ ಮಾತೇ ತಪ್ಪು, ಉಳಿದ ಲೇಖನ ನಿಂತಿರುವುದು ಅದರ ಮೇಲೆ. ನೀವಿಟ್ಟ ಪೋಲ್ ಗೇನ್ ಏರುವುದನ್ನು ತಡೆಯುತ್ತದೆ, ಅಷ್ಟಕ್ಕೆ ಅದು ಬೇಕು. ಫೇಸ್ ಮಾತ್ರ ವಾಪಸ್ ಬರುವುದಿಲ್ಲ. ಆ ಫ್ರೀಕ್ವೆನ್ಸಿಯಲ್ಲಿ ಝೀರೋ 45 ಡಿಗ್ರಿ ಹಿಂದಕ್ಕೆಳೆದರೆ ನಿಮ್ಮ ಪೋಲ್ ಇನ್ನೂ 45 ಡಿಗ್ರಿ ಎಳೆಯುತ್ತದೆ. ನಿಜವಾಗಿ ರದ್ದು ಮಾಡಬೇಕಾದರೆ ಪೋಲ್ ಕೂಡ ರೈಟ್ ಹಾಫ್ ಪ್ಲೇನ್‌ನಲ್ಲೇ ಇರಬೇಕು, ಹಾಗಿಟ್ಟರೆ ಕಾಂಪೆನ್ಸೇಟರ್ ತಾನೇ ಅಸ್ಥಿರ.

ಎರಡನೆಯ ಕೊರತೆ: ಈ ಝೀರೋ ಯಾಕೆ ಹುಟ್ಟುತ್ತದೆ ಎಂದು ನೀವು ಎಲ್ಲೂ ಹೇಳಿಲ್ಲ, ಸೂತ್ರಕ್ಕೇ ಹಾರಿದ್ದೀರಿ. ನಿಮ್ಮ ಅಂಕಿಗಳಲ್ಲೇ ನೋಡಿ. 12 ವೋಲ್ಟ್, 1 ಆಂಪಿಯರ್‌ನಲ್ಲಿ ಡ್ಯೂಟಿ 0.50, ಇಂಡಕ್ಟರ್‌ನಲ್ಲಿ ಸರಾಸರಿ 2 ಆಂಪಿಯರ್. ಅದರಲ್ಲಿ ಅರ್ಧ ಡಯೋಡ್ ಮೂಲಕ ಔಟ್‌ಪುಟ್‌ಗೆ ಹೋಗುತ್ತದೆ. ಈಗ ಲೂಪ್ “ವೋಲ್ಟೇಜ್ ಸಾಲದು” ಎಂದು ಡ್ಯೂಟಿಯನ್ನು 0.55ಕ್ಕೆ ಏರಿಸಿತು ಎನ್ನಿ. ಸ್ವಿಚ್ ಹೆಚ್ಚು ಹೊತ್ತು ಆನ್ ಇರುತ್ತದೆ, ಡಯೋಡ್‌ಗೆ ಸಿಗುವ ಸಮಯ ಕಡಿಮೆಯಾಗುತ್ತದೆ. ಇಂಡಕ್ಟರ್ ಕರೆಂಟ್ ತಕ್ಷಣ ಏರದ ಕಾರಣ ಔಟ್‌ಪುಟ್‌ಗೆ ಹೋಗುವುದು 2 × 0.45, ಅಂದರೆ 0.9 ಆಂಪಿಯರ್. ಹೆಚ್ಚು ಕೇಳಿದ್ದಕ್ಕೆ ಮೊದಲು ಸಿಕ್ಕಿದ್ದು ಕಡಿಮೆ. ಇಂಡಕ್ಟರ್ ಕರೆಂಟ್ 2.22 ಆಂಪಿಯರ್‌ಗೆ ಏರಿದ ಮೇಲೆ ಮಾತ್ರ ಕೊರತೆ ತುಂಬುತ್ತದೆ. ಏರಿಸಲು ಇರುವುದು 12 − 0.45 × 24, ಬರೀ 1.2 ವೋಲ್ಟ್. ಸುಮಾರು 9 ಮೈಕ್ರೋಸೆಕೆಂಡ್ ಬೇಕು.

ಇದನ್ನೇ 9 ವೋಲ್ಟ್, 2 ಆಂಪಿಯರ್‌ನಲ್ಲಿ ಮಾಡಿ. ಡ್ಯೂಟಿ 0.625ರಿಂದ 0.675ಕ್ಕೆ ಏರಿದರೆ ಇಂಡಕ್ಟರ್ ಕರೆಂಟ್ 5.33ರಿಂದ 6.15 ಆಂಪಿಯರ್‌ಗೆ ಏರಬೇಕು, ತಳ್ಳುವುದು ಅದೇ 1.2 ವೋಲ್ಟ್. ಈಗ 32 ಮೈಕ್ರೋಸೆಕೆಂಡ್. ಈ ಹೋಲಿಕೆಯಿಂದಲೇ ಲೇಖನ ಶುರುಮಾಡಿ, ಸೂತ್ರ ಆಮೇಲೆ ಬರಲಿ:

```
f_z = R (1 − D)² / (2π L)
```

ಇಲ್ಲಿ f_z ಝೀರೋ ಇರುವ ಫ್ರೀಕ್ವೆನ್ಸಿ, R ಲೋಡ್, D ಡ್ಯೂಟಿ, L ಇಂಡಕ್ಟರ್. 12 ವೋಲ್ಟ್, 24 ಓಮ್‌ಗೆ ಇದು 20.3 ಕಿಲೋಹರ್ಟ್ಸ್. 9 ವೋಲ್ಟ್, 12 ಓಮ್‌ಗೆ 5.7. ನಿಮ್ಮ ಪೋಲ್ 20ರಲ್ಲೇ ಕೂತಿರುತ್ತದೆ, ಝೀರೋ ಕೆಳಗಿಳಿದು ಬಂದಿರುತ್ತದೆ. 5 ಕಿಲೋಹರ್ಟ್ಸ್‌ನಲ್ಲಿ ಅದು ಎಳೆಯುವ ಫೇಸ್ 14 ಡಿಗ್ರಿಯಿಂದ 41ಕ್ಕೆ ಏರುತ್ತದೆ. ಕ್ರಾಸ್‌ಓವರ್ ಹೆಚ್ಚುಕಡಿಮೆ ಅಲ್ಲೇ ಉಳಿಯುತ್ತದೆ, ಏಕೆಂದರೆ ಡ್ಯೂಟಿ ಏರಿದ್ದರಿಂದ ಇಳಿದ ಗೇನನ್ನು ಝೀರೋ ತಾನೇ ಎತ್ತಿ ಹಿಡಿಯುತ್ತದೆ. ನಿಮ್ಮ 45 ಡಿಗ್ರಿಯಲ್ಲಿ ಉಳಿಯುವುದು 18ರ ಆಸುಪಾಸು. ಬೆಂಚ್ ಮೇಲೆ 12 ವೋಲ್ಟ್‌ಗೆ ಸುಮ್ಮನಿದ್ದ ಬೋರ್ಡ್, ಬ್ಯಾಟರಿ ಇಳಿದಾಗ ಪ್ರತಿ ಲೋಡ್ ಬದಲಾವಣೆಗೂ ಸುಮಾರು 5 ಕಿಲೋಹರ್ಟ್ಸ್‌ನಲ್ಲಿ ಓಲಾಡುವುದು ಇದಕ್ಕೇ.

ಹಾಗಾದರೆ ಕ್ರಾಸ್‌ಓವರ್ ಇಳಿಸಿದರಾಯಿತಲ್ಲ ಎಂದು ಓದುಗರು ಕೇಳುತ್ತಾರೆ. ವೋಲ್ಟೇಜ್ ಮೋಡ್‌ನ ಕಷ್ಟ ಇರುವುದು ಇಲ್ಲೇ, ನೀವು ಬಿಟ್ಟಿರುವುದೂ ಇದನ್ನೇ. 5.7ರ ಮೂರನೇ ಒಂದು ಭಾಗ ಅಂದರೆ 1.9 ಕಿಲೋಹರ್ಟ್ಸ್ ಒಳಗೆ ಇರಬೇಕು. ಆದರೆ ಎಲ್‌ಸಿ ಅನುರಣನ 12 ವೋಲ್ಟ್‌ನಲ್ಲಿ 780 ಹರ್ಟ್ಸ್. ಅಲ್ಲಿ ಫೇಸ್ 180 ಡಿಗ್ರಿಯತ್ತ ಧುಮುಕುತ್ತದೆ, ಗೇನ್ ಶಿಖರ ಏಳುತ್ತದೆ. ಅದನ್ನು ದಾಟಿ ಮೂರು ಪಟ್ಟು ಮೇಲೆ, 2.3 ಕಿಲೋಹರ್ಟ್ಸ್ ಆಚೆ ಇರುವುದು ಕ್ಷೇಮ. 1.9ರ ಕೆಳಗೆ, 2.3ರ ಮೇಲೆ: ಜಾಗವೇ ಇಲ್ಲ. ಟೈಪ್ 3 ಕಾಂಪೆನ್ಸೇಟರ್‌ನ ರೆಸಿಸ್ಟರ್ ಎಷ್ಟು ತಿರುಚಿದರೂ ಈ ಜಾಗ ಹುಟ್ಟುವುದಿಲ್ಲ.

ಜಾಗ ಮಾಡಬೇಕಾದದ್ದು ಪವರ್ ಭಾಗದಲ್ಲಿ. ಇಂಡಕ್ಟರನ್ನು 22 ಮೈಕ್ರೋಹೆನ್ರಿಗೆ ಇಳಿಸಿ. ಝೀರೋ ನೇರ ಅನುಪಾತದಲ್ಲಿ ಮೇಲೇರುತ್ತದೆ, ಕೆಟ್ಟ ಸ್ಥಿತಿಯಲ್ಲೂ 12.2 ಕಿಲೋಹರ್ಟ್ಸ್. ಅನುರಣನ ವರ್ಗಮೂಲದಲ್ಲಷ್ಟೇ ಏರಿ 1.14ಕ್ಕೆ ನಿಲ್ಲುತ್ತದೆ. ಈಗ 3.4ರಿಂದ 4.1ರ ನಡುವೆ ಸಣ್ಣ ಕಿಂಡಿ ತೆರೆಯಿತು. ಬೆಲೆಯನ್ನೂ ಬರೆಯಿರಿ: ರಿಪಲ್ ದುಪ್ಪಟ್ಟು, ಪೀಕ್ ಕರೆಂಟ್ 6 ಆಂಪಿಯರ್ ಹತ್ತಿರ, ಸ್ಯಾಚುರೇಷನ್ ರೇಟಿಂಗ್ ಅದಕ್ಕೆ ತಕ್ಕಂತೆ ಬೇಕು.

ಕೊನೆಯ ಪುಟದಲ್ಲಿ “ಕರೆಂಟ್ ಮೋಡ್‌ನಲ್ಲಿ ಈ ಝೀರೋ ಇರುವುದಿಲ್ಲ” ಎಂದಿದ್ದೀರಿ. ಅದು ಅಲ್ಲೇ ಇರುತ್ತದೆ. ಹೋಗುವುದು ಎಲ್‌ಸಿ ಜೋಡಿ ಪೋಲ್, ಅದಕ್ಕೇ 1.5 ಕಿಲೋಹರ್ಟ್ಸ್‌ನಲ್ಲಿ ನೆಮ್ಮದಿಯಾಗಿ ದಾಟಬಹುದು.

ತಿದ್ದಿದ ಪ್ರತಿಯ ಜೊತೆ 9 ವೋಲ್ಟ್, 2 ಆಂಪಿಯರ್‌ನ ಬೋಡೆ ಪ್ಲಾಟ್ ಕಳಿಸಿ. ಎಸ್.ಪಿ. ರೋಡ್‌ಗೆ ಲೋಡ್ ರೆಸಿಸ್ಟರ್ ತರಲು ಹೋದಾಗ 12 ಓಮ್‌ಗೆ 50 ವ್ಯಾಟಿನದ್ದು ಸಾಕು ಅಂದುಕೊಳ್ಳಬೇಡಿ. ಅದರಲ್ಲಿ 48 ವ್ಯಾಟ್ ಸುಡುತ್ತದೆ. 100 ವ್ಯಾಟಿನ ಅಲ್ಯೂಮಿನಿಯಂ ಕವಚದ್ದು ತಂದು ಹೀಟ್‌ಸಿಂಕ್‌ಗೆ ಬಿಗಿಯಿರಿ.