ಚಿನ್ನದ ಚಿಕ್ಕ ಬಾರ್‌ಗೆ ಗ್ರಾಂ ಲೆಕ್ಕದಲ್ಲಿ ಬೆಲೆ ಜಾಸ್ತಿ ಯಾಕೆ?

ಸಂಪಾದಕರಿಗೆ ನಮಸ್ಕಾರ. ಉಳಿತಾಯದ ದುಡ್ಡಲ್ಲಿ ಸ್ವಲ್ಪ ಚಿನ್ನ ಕೊಳ್ಳೋಣ ಅಂತ ವಿಚಾರಿಸಿದೆ. 1 ಗ್ರಾಂ ಬಾರ್ ಹತ್ತು ತಗೊಂಡರೆ, 10 ಗ್ರಾಂ ಬಾರ್ ಒಂದಕ್ಕಿಂತ ಜಾಸ್ತಿ ಕೊಡಬೇಕಂತೆ. 100 ಗ್ರಾಂ ಬಾರ್‌ನಲ್ಲಿ ಗ್ರಾಂ ಲೆಕ್ಕ ಇನ್ನೂ ಕಡಿಮೆ. ಶುದ್ಧತೆ ಮಾತ್ರ ಎಲ್ಲದಕ್ಕೂ ಒಂದೇ. ಹಾಗಾದರೆ ಈ ಹೆಚ್ಚಿನ ದುಡ್ಡು ಯಾತಕ್ಕೆ? ಚಿಕ್ಕದು ಕೊಳ್ಳುವವರನ್ನು ಸುಲಿಯುತ್ತಿದ್ದಾರಾ?
— ಓದುಗರೊಬ್ಬರು

ಸಂಪಾದಕರ ಉತ್ತರ

ಸುಲಿಗೆಯ ಮಾತಿಗೆ ಆಮೇಲೆ ಬರೋಣ. ಸ್ಪಾಟ್ ಬೆಲೆ ಅಂತ ದಿನಾ ಕೇಳುತ್ತೀರಲ್ಲ, ಅದು ಯಾವ ಚಿನ್ನದ ಬೆಲೆ ಅಂತ ಮೊದಲು ನೋಡಬೇಕು. ಅದು ನಿಮ್ಮ ಕೈಗೆ ಬರುವ ಚಿನ್ನದ ಬೆಲೆ ಅಲ್ಲವೇ ಅಲ್ಲ.

ಸಗಟು ಮಾರುಕಟ್ಟೆಯಲ್ಲಿ ಚಿನ್ನ ಅಂದರೆ ಸುಮಾರು 400 ಟ್ರಾಯ್ ಔನ್ಸ್ ತೂಗುವ ದಪ್ಪ ಗಟ್ಟಿ. ಒಂದು ಟ್ರಾಯ್ ಔನ್ಸ್‌ಗೆ 31.1 ಗ್ರಾಂ, ಹಾಗಾಗಿ ಒಂದು ಗಟ್ಟಿಗೆ ಹನ್ನೆರಡೂವರೆ ಕಿಲೋ ಹತ್ತಿರ. ಇದರ ನಿಯಮ ಮಾಡುವುದು ಲಂಡನ್ ಬುಲಿಯನ್ ಮಾರ್ಕೆಟ್ ಅಸೋಸಿಯೇಷನ್. ಸಾವಿರಕ್ಕೆ ಕನಿಷ್ಠ 995 ಭಾಗ ಶುದ್ಧ ಇರಬೇಕು, ಆದರೆ ತೂಕ ಕರಾರುವಾಕ್ಕಾಗಿ 400 ಔನ್ಸ್ ಇರಬೇಕಿಲ್ಲ. 350ರಿಂದ 430 ಔನ್ಸ್‌ವರೆಗೆ ಎಷ್ಟಾದರೂ ಆದೀತು. ತೂಗಿ, ಬಂದದ್ದನ್ನು ಬರೆದುಕೊಳ್ಳುತ್ತಾರೆ, ಅಷ್ಟೇ. ಅಂಥ ಗಟ್ಟಿ ಬಹುಪಾಲು ಒಂದೇ ಭದ್ರ ಕೋಣೆಯಲ್ಲಿ ಕೂತಿರುತ್ತದೆ. ಅಲ್ಲಾಡುವುದು ಲೆಕ್ಕದ ಪುಸ್ತಕದಲ್ಲಿರುವ ಮಾಲೀಕರ ಹೆಸರು ಮಾತ್ರ. ಸ್ಪಾಟ್ ಬೆಲೆ ಇಂಥ ಚಿನ್ನದ್ದು. ಅದರಲ್ಲಿ ಕತ್ತರಿಸುವ, ಅಚ್ಚು ಹಾಕುವ, ಪೊಟ್ಟಣ ಕಟ್ಟುವ, ಸಾಗಿಸುವ ಖರ್ಚು ಯಾವುದೂ ಸೇರಿಲ್ಲ. ಸ್ಪಾಟ್ ಮೇಲೆ ನೀವು ಕೊಡುವ ಪ್ರೀಮಿಯಂ ಅಂದರೆ, ಆ ದಪ್ಪ ಗಟ್ಟಿಯಿಂದ ನಿಮ್ಮ ಅಂಗೈಯ ಚಿಕ್ಕ ಬಾರ್‌ವರೆಗಿನ ದಾರಿಯ ಖರ್ಚು.

ಈ ದಾರಿಯಲ್ಲಿ ಬಹುಪಾಲು ಕೆಲಸದ ಲೆಕ್ಕ ತೂಕದ ಮೇಲೆ ನಡೆಯುವುದಿಲ್ಲ, ತುಂಡಿನ ಮೇಲೆ ನಡೆಯುತ್ತದೆ.

ಒಂದು ಕಿಲೋ ಬಾರ್ ಮಾಡುವುದು ನೋಡಿ. ಕರಗಿದ ಚಿನ್ನವನ್ನು ಅಚ್ಚಿಗೆ ಹೊಯ್ಯುತ್ತಾರೆ. ತಣಿದ ಮೇಲೆ ತೂಗುತ್ತಾರೆ, ಮುದ್ರೆ ಮತ್ತು ಸಂಖ್ಯೆ ಒತ್ತುತ್ತಾರೆ. ಮುಗಿಯಿತು. ಮೇಲ್ಮೈ ಸ್ವಲ್ಪ ಒರಟಾಗಿದ್ದರೂ ಯಾರೂ ತಕರಾರು ಮಾಡುವುದಿಲ್ಲ. ಅದೇ ಕಿಲೋ ಚಿನ್ನದಿಂದ 1 ಗ್ರಾಂ ಬಾರ್ ಮಾಡಬೇಕಾದರೆ ಎರಕ ಹೊಯ್ದರೆ ಸಾಲದು. ಚಿನ್ನವನ್ನು ಮೊದಲು ಪಟ್ಟಿ ಮಾಡಬೇಕು. ರೋಲರ್‌ಗಳ ನಡುವೆ ಮತ್ತೆ ಮತ್ತೆ ಒತ್ತಿ ತೆಳ್ಳಗೆ ಮಾಡಬೇಕು. ಹೀಗೆ ಒತ್ತಿದಾಗ ಲೋಹ ಬಿರುಸಾಗುತ್ತದೆ, ಅದನ್ನು ಕಾಯಿಸಿ ಮೆದು ಮಾಡಬೇಕು. ಆಮೇಲೆ ಬಿಲ್ಲೆ ಕತ್ತರಿಸಿ, ಒಂದೊಂದನ್ನೂ ತೂಗಿ, ತೊಳೆದು, ಅಚ್ಚಿನಲ್ಲಿಟ್ಟು ಒತ್ತಿ, ಕಣ್ಣಲ್ಲಿ ಪರೀಕ್ಷಿಸಿ, ಸಂಖ್ಯೆ ಇರುವ ಕಾರ್ಡಿನಲ್ಲಿ ಮುಚ್ಚಬೇಕು. ಇದೆಲ್ಲ ಸಾವಿರ ಸಲ. ಸಾವಿರ ಕಾರ್ಡು, ಸಾವಿರ ಸಂಖ್ಯೆ. ಮಗುವಿನ ಅಂಗಿಗೆ ಬಟ್ಟೆ ಅರ್ಧ ಸಾಕು, ಹೊಲಿಗೆ ಕೂಲಿ ಮಾತ್ರ ಅರ್ಧ ಆಗುವುದಿಲ್ಲ. ಇಲ್ಲೂ ಹಾಗೇ.

ತೂಕ ಹಿಡಿಯುವುದೂ ಚಿಕ್ಕದರಲ್ಲೇ ಕಷ್ಟ. ಪಟ್ಟಿಯ ದಪ್ಪ ಕೂದಲೆಳೆಯಷ್ಟು ಆಚೀಚೆ ಆದರೂ 1 ಗ್ರಾಂ ಬಾರ್‌ನಲ್ಲಿ ಅದು ಲೆಕ್ಕಕ್ಕೆ ಬರುತ್ತದೆ. ಬರೆದ ತೂಕಕ್ಕಿಂತ ಕಡಿಮೆ ಕೊಡುವ ಹಾಗಿಲ್ಲ. ಅದಕ್ಕೆ ಒಂಚೂರು ಜಾಸ್ತಿಯೇ ಇಡುತ್ತಾರೆ, ತೂಕಕ್ಕೆ ಬಾರದ್ದನ್ನು ವಾಪಸ್ ಕರಗಿಸುತ್ತಾರೆ. ಬಿಲ್ಲೆ ಕತ್ತರಿಸಿದ ಮೇಲೆ ಉಳಿಯುವ ತೂತು ತೂತಾದ ಪಟ್ಟಿಯೂ ಕುಲುಮೆಗೇ ಹೋಗುತ್ತದೆ. ಚಿನ್ನ ನಷ್ಟವಾಗುವುದಿಲ್ಲ ನಿಜ. ಆದರೆ ಅಷ್ಟು ಹೊತ್ತು ಆ ಬಂಡವಾಳ ಸುಮ್ನೆ ಕೂತಿರುತ್ತದೆ, ಅದಕ್ಕೂ ಬಡ್ಡಿ ಓಡುತ್ತಿರುತ್ತದೆ.

ಇದು ಬರೀ ತರ್ಕ ಅಲ್ಲ ಅನ್ನುವುದಕ್ಕೆ ಒಂದು ಬಹಿರಂಗ ದರಪಟ್ಟಿಯೇ ಇದೆ. ಅಮೆರಿಕದ ಟಂಕಸಾಲೆ 1986ರಿಂದ ಗೋಲ್ಡ್ ಈಗಲ್ ಅನ್ನುವ ನಾಣ್ಯ ಮಾಡುತ್ತಿದೆ. ಹೂಡಿಕೆಗೆಂದು ಮಾಡುವ ಈ ನಾಣ್ಯವನ್ನು ಅದು ಜನರಿಗೆ ನೇರವಾಗಿ ಮಾರುವುದಿಲ್ಲ, ಕೆಲವೇ ಅಧಿಕೃತ ಸಗಟು ವ್ಯಾಪಾರಿಗಳಿಗೆ ಕೊಡುತ್ತದೆ. ಬಹಳ ವರ್ಷ ಅವರಿಂದ ಚಿನ್ನದ ಬೆಲೆಯ ಮೇಲೆ ಹೀಗೆ ತೆಗೆದುಕೊಳ್ಳುತ್ತಿತ್ತು: 1 ಔನ್ಸ್ ನಾಣ್ಯಕ್ಕೆ ಶೇ. 3, ಅರ್ಧ ಔನ್ಸ್‌ಗೆ ಶೇ. 5, ಕಾಲು ಔನ್ಸ್‌ಗೆ ಶೇ. 7, ಹತ್ತನೇ ಒಂದು ಔನ್ಸ್‌ಗೆ ಶೇ. 9. ಚಿಲ್ಲರೆ ಅಂಗಡಿಯವರ ಲಾಭ ಇನ್ನೂ ಸೇರಿಲ್ಲ, ಗಮನಿಸಿ. ಟಂಕಸಾಲೆಯ ಬಾಗಿಲಲ್ಲೇ ಈ ವ್ಯತ್ಯಾಸ.

ಶೇಕಡಾ ಲೆಕ್ಕ ಬಿಟ್ಟು ತುಂಡಿನ ಲೆಕ್ಕಕ್ಕೆ ಬನ್ನಿ, ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಒಂದು ಔನ್ಸ್ ಚಿನ್ನದ ಬೆಲೆ 100 ಅಂತ ಇಟ್ಟುಕೊಳ್ಳೋಣ. 1 ಔನ್ಸ್ ನಾಣ್ಯದ ಮೇಲಿನ ಪ್ರೀಮಿಯಂ 3. ಅರ್ಧ ಔನ್ಸ್ ನಾಣ್ಯದಲ್ಲಿ ಚಿನ್ನದ ಬೆಲೆ 50, ಅದರ ಶೇ. 5 ಅಂದರೆ 2.5. ಚಿನ್ನ ಅರ್ಧಕ್ಕೆ ಇಳಿಯಿತು, ಪ್ರೀಮಿಯಂ ಇಳಿದದ್ದು ಬರೀ 0.5. ಕಾಲು ಔನ್ಸ್‌ಗೆ 1.75, ಹತ್ತನೇ ಒಂದಕ್ಕೆ 0.9. ಈಗ ನಿಮ್ಮ ಪ್ರಶ್ನೆಯ ಹಾಗೇ ಹತ್ತು ಚಿಕ್ಕ ನಾಣ್ಯ ಜೋಡಿಸಿ. ಒಟ್ಟು ಚಿನ್ನ ಅದೇ ಒಂದು ಔನ್ಸ್, ಪ್ರೀಮಿಯಂ ಮಾತ್ರ 9. ಮೂರು ಪಟ್ಟು. ಇದರಲ್ಲೂ ಸ್ವಲ್ಪ ಲಾಭ ಇದ್ದೇ ಇರುತ್ತದೆ. ಆದರೆ ಒಂದರ ಬದಲು ಹತ್ತು ಸಲ ಅಚ್ಚು ಒತ್ತಿದ್ದಾರೆ ಅನ್ನುವುದೂ ಸುಳ್ಳಲ್ಲ.

ಟಂಕಸಾಲೆ ದಾಟಿದ ಮೇಲೆ ಅಂಗಡಿಯಲ್ಲೂ ಇದೇ ಕಥೆ ಮುಂದುವರಿಯುತ್ತದೆ. ಗಿರಾಕಿ 1 ಗ್ರಾಂ ಕೊಂಡರೂ 100 ಗ್ರಾಂ ಕೊಂಡರೂ ಬಿಲ್ಲು ಒಂದೇ, ಕೂತು ಮಾತಾಡುವ ಹೊತ್ತೂ ಹೆಚ್ಚು ಕಡಿಮೆ ಒಂದೇ. 100 ಗ್ರಾಂನಲ್ಲಿ ಈ ಖರ್ಚು ಎಲ್ಲೋ ಕರಗಿಹೋಗುತ್ತದೆ. 1 ಗ್ರಾಂನಲ್ಲಿ ಎದ್ದು ಕಾಣುತ್ತದೆ. ಕಿಲೋ ಬಾರ್ ಸಾಮಾನ್ಯ ದಿನಗಳಲ್ಲಿ ಸ್ಪಾಟ್‌ಗಿಂತ ಶೇ. 1ರ ಆಸುಪಾಸು ಜಾಸ್ತಿಗೆ ಸಿಗುವುದುಂಟು. 1 ಗ್ರಾಂ ಬಾರ್‌ಗೆ ಶೇ. 10 ದಾಟುವುದು ಮಾಮೂಲು.

ಖರ್ಚು ನಿಜಕ್ಕೂ ತುಂಡಿನದೇ ಅಂತ ಅನುಮಾನ ಇದ್ದರೆ ಚಿನ್ನ ಶುದ್ಧ ಮಾಡುವ ಸ್ವಿಟ್ಜರ್ಲೆಂಡಿನ ವಾಲ್ಕಾಂಬಿ ರಿಫೈನರಿಯ ಕಾಂಬಿಬಾರ್ ನೋಡಬೇಕು. ಅದು 50 ಗ್ರಾಂನ ಒಂದೇ ಹಲಗೆ, ಆದರೆ 1 ಗ್ರಾಂ ಗಾತ್ರದ 50 ಚೌಕಗಳ ನಡುವೆ ಗೀರು ಇರುತ್ತದೆ. ಬೇಕಾದಾಗ ಕೈಯಲ್ಲೇ ಮುರಿದುಕೊಳ್ಳಬಹುದು. ಪೊಟ್ಟಣ ಒಂದೇ, ಪ್ರಮಾಣಪತ್ರವೂ ಒಂದೇ. ಅದಕ್ಕೇ ಅದರ ಪ್ರೀಮಿಯಂ 50 ಬಿಡಿ ಬಾರ್‌ಗಿಂತ ಕಡಿಮೆ, ಗೀರಿಲ್ಲದ 50 ಗ್ರಾಂ ಬಾರ್‌ಗಿಂತ ಜಾಸ್ತಿ. ಒಂದು ಎಚ್ಚರಿಕೆ: ಮುರಿದ ಚೌಕಕ್ಕೆ ತನ್ನದೇ ಕಾರ್ಡು ಇರುವುದಿಲ್ಲ. ಅದನ್ನು ಕೊಳ್ಳುವವರು ತೂಗಿ, ಪರೀಕ್ಷಿಸಿಯೇ ದುಡ್ಡು ಕೊಡುತ್ತಾರೆ.

ಎಲ್ಲ ಪ್ರೀಮಿಯಂ ಖರ್ಚಿನದೇ ಅಂತ ಹೇಳಿದರೆ ಮಾತ್ರ ಅದು ಪೂರ್ತಿ ನಿಜ ಆಗುವುದಿಲ್ಲ. ಗಿರಾಕಿ ಎಷ್ಟಿದ್ದಾರೆ ಅನ್ನುವುದೂ ಸೇರಿರುತ್ತದೆ. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದಾಗಿ ಸ್ವಿಟ್ಜರ್ಲೆಂಡಿನ ಟಿಚಿನೊ ಪ್ರಾಂತ್ಯದ ಮೂರು ದೊಡ್ಡ ರಿಫೈನರಿಗಳು ಕೆಲ ದಿನ ಬಾಗಿಲು ಹಾಕಿದವು. ವಿಮಾನಗಳೂ ನಿಂತವು. ಭದ್ರ ಕೋಣೆಗಳಲ್ಲಿ ದಪ್ಪ ಗಟ್ಟಿಗಳಿಗೇನೂ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಅವನ್ನು ಕರಗಿಸಿ ಚಿಕ್ಕದು ಮಾಡುವ ಯಂತ್ರದ ಹೊತ್ತಿಗೆ. ಜನರಿಗೆ ಬೇಕಾಗಿದ್ದದ್ದು ನಾಣ್ಯ ಮತ್ತು ಚಿಕ್ಕ ಬಾರ್. ಅವುಗಳ ಪ್ರೀಮಿಯಂ ಜಿಗಿಯಿತು. ಇಂಥ ಹೊತ್ತಲ್ಲಿ ಕೊಂಡವರು ಕೊಟ್ಟ ಹೆಚ್ಚಿನ ದುಡ್ಡು ಚಿನ್ನಕ್ಕಲ್ಲ, ಗಿರಾಕಿಗಳ ಸಾಲಿನಲ್ಲಿ ಜಾಗಕ್ಕೆ. ನಿಮ್ಮ ಸುಲಿಗೆಯ ಅನುಮಾನಕ್ಕೆ ಜಾಗ ಇದ್ದರೆ ಅದು ಇಲ್ಲಿ.

ಹಾಗಂತ ದೊಡ್ಡದು ಕೊಂಡವರಿಗೆ ತೊಂದರೆಯೇ ಇಲ್ಲ ಅಂತಲ್ಲ. ಕಿಲೋ ಬಾರ್‌ನ ಮಾಲೀಕರಿಗೆ ನಾಳೆ ಸ್ವಲ್ಪವೇ ದುಡ್ಡು ಬೇಕಾದರೂ ಇಡೀ ಕಿಲೋ ಮಾರಬೇಕು. ಜೊತೆಗೆ ನಕಲಿಯ ಭಯ. ಟಂಗ್‌ಸ್ಟನ್ ಲೋಹದ ಸಾಂದ್ರತೆ 19.25, ಚಿನ್ನದ್ದು 19.3. ದಪ್ಪ ಬಾರ್‌ನ ಒಳಗೆ ಅದನ್ನು ಸೇರಿಸಿಬಿಟ್ಟರೆ ತಕ್ಕಡಿಗೆ ಗೊತ್ತಾಗುವುದಿಲ್ಲ, ಮೇಲ್ಮೈ ಕೆರೆದು ನೋಡಿದರೂ ಗೊತ್ತಾಗುವುದಿಲ್ಲ. ಹಾಗಾಗಿ ಒಮ್ಮೆ ಭದ್ರ ಕೋಣೆಯಿಂದ ಮನೆಗೆ ಬಂದ ದೊಡ್ಡ ಬಾರ್ ಅನ್ನು ಕೊಳ್ಳುವವರು ಶಬ್ದತರಂಗ ಬಿಟ್ಟು ನೋಡುತ್ತಾರೆ, ಇಲ್ಲವೇ ಕರಗಿಸುವ ತನಕ ದುಡ್ಡು ತಡೆಹಿಡಿಯುತ್ತಾರೆ. ಕಾಗದದಷ್ಟು ತೆಳ್ಳಗಿನ 1 ಗ್ರಾಂ ಬಾರ್‌ನಲ್ಲಿ ಅಂಥ ಕೈಚಳಕಕ್ಕೆ ಜಾಗವೂ ಇಲ್ಲ, ಗಿಟ್ಟುವುದೂ ಇಲ್ಲ.

ನಿಮ್ಮ ಪ್ರಶ್ನೆಯಲ್ಲಿ ಇನ್ನೊಂದು ಅರ್ಧ ಇದೆ, ಅದನ್ನು ಬಹಳ ಜನ ಕೇಳುವುದೇ ಇಲ್ಲ. ಕೊಟ್ಟ ಪ್ರೀಮಿಯಂನಲ್ಲಿ ಮಾರುವಾಗ ಎಷ್ಟು ವಾಪಸ್ ಬರುತ್ತದೆ? ಈಗಲ್, ಕ್ರೂಗರ್‌ರಾಂಡ್, ಮೇಪಲ್ ಲೀಫ್‌ನಂಥ ಎಲ್ಲೆಡೆ ಗುರುತಿರುವ 1 ಔನ್ಸ್ ನಾಣ್ಯಕ್ಕೆ ಕೆಲವೊಮ್ಮೆ ಸ್ವಲ್ಪ ಬರುತ್ತದೆ. ಕೊಂಡವರು ಅದನ್ನು ಹಾಗೇ ಇನ್ನೊಬ್ಬರಿಗೆ ಮಾರಬಲ್ಲರು, ಕರಗಿಸಬೇಕಿಲ್ಲ. ಗುರುತಿಲ್ಲದ, ಕಾರ್ಡು ಹರಿದ ಚಿಕ್ಕ ಬಾರ್‌ಗೆ ಸಿಗುವುದು ಬರೀ ಲೋಹದ ಬೆಲೆ, ಅದರಲ್ಲೂ ಒಂದಿಷ್ಟು ಕಡಿತ.

ಲೆಕ್ಕಕ್ಕಾಗಿ ಒಂದು ಊಹೆಯ ಉದಾಹರಣೆ. ಗ್ರಾಂ ಚಿನ್ನಕ್ಕೆ ಸ್ಪಾಟ್ 100. ಒಬ್ಬ ವ್ಯಾಪಾರಿ 1 ಗ್ರಾಂ ಬಾರ್ ಅನ್ನು 115ಕ್ಕೆ ಮಾರುತ್ತಾರೆ, ವಾಪಸ್ ಕೊಟ್ಟರೆ 98ಕ್ಕೆ ಕೊಳ್ಳುತ್ತಾರೆ. 100 ಗ್ರಾಂ ಬಾರ್ ಅನ್ನು ಗ್ರಾಂಗೆ 102ರಂತೆ ಮಾರಿ, 99ರಂತೆ ಕೊಳ್ಳುತ್ತಾರೆ. ಹಾಕಿದ ದುಡ್ಡು ಹುಟ್ಟಬೇಕಾದರೆ ಚಿಕ್ಕದು ಕೊಂಡವರಿಗೆ ಚಿನ್ನದ ಬೆಲೆ ಶೇ. 17ಕ್ಕಿಂತ ಜಾಸ್ತಿ ಏರಬೇಕು, ದೊಡ್ಡದು ಕೊಂಡವರಿಗೆ ಶೇ. 3ಕ್ಕಿಂತ ಒಂಚೂರು ಜಾಸ್ತಿ ಸಾಕು. ನಿಮಗೆ ಬೇಕಾದ ಸಂಖ್ಯೆ ಇದು, ಬರೀ ಪ್ರೀಮಿಯಂ ಅಲ್ಲ. ಹಾಗಾಗಿ ವಿಚಾರಿಸುವಾಗ ಒಂದೇ ಬಾರ್‌ಗೆ ಎರಡು ದರ ಕೇಳಿ: ಇವತ್ತು ನನಗೆ ಎಷ್ಟಕ್ಕೆ ಕೊಡುತ್ತೀರಿ, ಇವತ್ತೇ ನಾನು ತಂದುಕೊಟ್ಟರೆ ಎಷ್ಟಕ್ಕೆ ತಗೊಳ್ಳುತ್ತೀರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. 1.17 ಬಂದರೆ ಶೇ. 17 ಅಂತ ಅರ್ಥ.

ಹತ್ತು ಗ್ರಾಂ ಒಟ್ಟಿಗೆ ಕೊಳ್ಳುವಷ್ಟು ದುಡ್ಡು ಈಗಲೇ ಕೈಯಲ್ಲಿದ್ದು, ಬಿಡಿಬಿಡಿಯಾಗಿ ಮಾರುವ ಯೋಚನೆ ಇಲ್ಲದಿದ್ದರೆ, 1 ಗ್ರಾಂ ಬಾರ್ ಹತ್ತು ಕೊಳ್ಳುವುದಕ್ಕೆ ನನಗೆ ಕಾರಣ ಕಾಣುವುದಿಲ್ಲ. 10 ಗ್ರಾಂದು ಒಂದೇ ತಗೊಳ್ಳಿ. ಬಿಡಿಯಾಗಿ ಮಾರಬೇಕಾಗಬಹುದು ಅಂತಿದ್ದರೆ ಮಾತ್ರ, ಆ ಅನುಕೂಲಕ್ಕೆ ಎಷ್ಟು ತೆರುತ್ತಿದ್ದೀರಿ ಅಂತ ಮೇಲಿನ ಭಾಗಾಕಾರ ಮಾಡಿ ನೋಡಿಕೊಂಡು, 5 ಗ್ರಾಂದು ಎರಡು ಸಿಕ್ಕೀತಾ ಅಂತ ವಿಚಾರಿಸಿ.