ಹಾಲುಣಿಸುವಾಗಿನ ಹಸಿವನ್ನು ನಾನು ನೀರು ಕುಡಿದು ಅಡಗಿಸಿದೆ, ಹಾಗೆ ಮಾಡಬಾರದಿತ್ತು

ಪ್ರಶ್ನೆ: ಮಗುವಿಗೆ ಎರಡು ತಿಂಗಳು, ಎದೆಹಾಲು ಮಾತ್ರ ಕೊಡ್ತಿದ್ದೀನಿ. ಊಟ ಮಾಡಿ ಒಂದು ಗಂಟೆಗೇ ಮತ್ತೆ ಹಸಿವು. ಹಾಲು ಕೊಡೋಕೆ ಕೂತರೆ ಗಂಟಲು ಒಣಗುತ್ತೆ. ಹೆರಿಗೆ ತೂಕ ಇನ್ನೂ ಇಳಿದಿಲ್ಲ. ಈ ಹಸಿವನ್ನು ಹತೋಟಿಗೆ ತರೋದು ಹೇಗೆ? ನೀರು ಜಾಸ್ತಿ ಕುಡಿದರೆ ಆಗುತ್ತಾ?

ನೀರು ಜಾಸ್ತಿ ಕುಡಿದರೆ ಆಗುತ್ತೆ ಅಂತ ನಾನೂ ಅಂದುಕೊಂಡಿದ್ದೆ. ಐದು ವಾರ ಹಾಗೇ ಮಾಡಿದೆ.

ನನ್ನ ಮಗಳಿಗೂ ಆಗ ಎರಡು ತಿಂಗಳು. ಬಸಿರಿನಲ್ಲಿ ಏರಿದ ತೂಕದಲ್ಲಿ ಇನ್ನೂ ಹನ್ನೊಂದು ಕೆಜಿ ಹಾಗೇ ಇತ್ತು. ರಾತ್ರಿ ಎರಡಕ್ಕೆ ಮಗು ಎದ್ದರೆ ನನಗೂ ಹೊಟ್ಟೆ ಚುರುಗುಟ್ಟುತ್ತಿತ್ತು. ಅದು ಸುಮ್ನೆ ಏನಾದರೂ ತಿನ್ನಬೇಕು ಅನ್ನಿಸುವ ಹಸಿವಲ್ಲ, ಕೈ ಸಣ್ಣಗೆ ನಡುಗುವಂಥ ಹಸಿವು. ದೇಹ ಕಡಿಮೆ ತಿನ್ನುವುದನ್ನು ಇನ್ನೂ ಕಲಿತಿಲ್ಲ, ಕಲಿಸೋಣ ಅಂದುಕೊಂಡೆ. ಹಾಸಿಗೆ ಪಕ್ಕ ದೊಡ್ಡ ಬಾಟಲಿ ಇಟ್ಟುಕೊಂಡು, ಹಸಿವಾದಾಗಲೆಲ್ಲ ಎರಡು ಲೋಟದಷ್ಟು ನೀರು ಕುಡಿಯುತ್ತಿದ್ದೆ. ಹೊಟ್ಟೆ ತುಂಬಿದ ಹಾಗೆ ಅನ್ನಿಸಿ ಅರ್ಧ ಗಂಟೆ ತಳ್ಳಬಹುದಿತ್ತು. ಆಮೇಲೆ ಮತ್ತೆ ಅದೇ ಹಸಿವು.

ಇಲ್ಲಿ ನಾನು ಎಡವಿದ್ದು ಎಲ್ಲಿ ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ ಎಲ್ಲ ಸರಿಯಿದೆ ಅಂತ ನನ್ನನ್ನು ನಂಬಿಸಿದ್ದು ಮಗುವಿನ ತೂಕ.

ನಾನು ಕಡಿಮೆ ತಿಂದರೂ ಮಗು ವಾರಕ್ಕೆ ಹತ್ತಿರ ಹತ್ತಿರ 200 ಗ್ರಾಂ ಏರುತ್ತಿತ್ತು. ಆ ವಯಸ್ಸಿಗೆ ಅದು ಚೆನ್ನಾಗಿಯೇ ಇರುವ ಏರಿಕೆ. ದಿನಕ್ಕೆ ಆರೇಳು ಸಲ ಚೆನ್ನಾಗಿ ಉಚ್ಚೆ ಹೊಯ್ಯುತ್ತಿತ್ತು. ಹಾಲು ಕಡಿಮೆ ಆಗಿಲ್ಲ, ಅಂದಮೇಲೆ ನನ್ನ ಊಟವೂ ಸಾಕಾಗುತ್ತಿದೆ ಅಂತ ತಿಳಿದೆ. ಆದರೆ ಹಾಲಿನ ಲೆಕ್ಕ ಹಾಗೆ ನಡೆಯುವುದಿಲ್ಲ. ಎಷ್ಟು ಹಾಲು ಬರಬೇಕು ಅನ್ನುವುದು ಮುಖ್ಯವಾಗಿ ಮೊಲೆ ಎಷ್ಟು ಸಲ, ಎಷ್ಟು ಚೆನ್ನಾಗಿ ಖಾಲಿಯಾಗುತ್ತದೆ ಅನ್ನುವುದರ ಮೇಲೆ ನಿಂತಿದೆ. ತಾಯಿ ಇವತ್ತು ಎರಡು ತುತ್ತು ಕಡಿಮೆ ತಿಂದಳು ಅಂತ ದೇಹ ಹಾಲು ನಿಲ್ಲಿಸುವುದಿಲ್ಲ. ಮೊದಲು ತಾಯಿಯ ಕೊಬ್ಬು ತೆಗೆಯುತ್ತದೆ, ಜೊತೆಗೆ ಸ್ನಾಯುವನ್ನೂ ಕರಗಿಸುತ್ತದೆ, ಮಗುವಿನ ಪಾಲನ್ನು ಆದಷ್ಟು ಹಾಗೇ ಉಳಿಸುತ್ತದೆ. ಅಂದರೆ ಮಗುವಿನ ತೂಕ ನೋಡಿದರೆ ಮಗುವಿನ ಸ್ಥಿತಿ ಗೊತ್ತಾಗುತ್ತದೆ, ತಾಯಿಯದ್ದು ಗೊತ್ತಾಗುವುದಿಲ್ಲ. ಐದು ವಾರ ನಾನು ಮಗುವನ್ನು ತೂಗಿ ನನ್ನ ಲೆಕ್ಕ ಹಾಕುತ್ತಿದ್ದೆ.

ಅದು ಗೊತ್ತಾಗಿದ್ದು ಒಂದು ರಾತ್ರಿ. ಹಾಲು ಕುಡಿಸಿ, ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಎದ್ದೆ. ಕಣ್ಣಿನ ಅಂಚಿನಿಂದ ಕತ್ತಲು ಒಳಗೆ ಬಂತು, ಕಿವಿಯಲ್ಲಿ ಗುಂಯ್ ಅನ್ನುವ ಸದ್ದು. ಬೆನ್ನು ಗೋಡೆಗೆ ಒರಗಿಸಿ ಹಾಗೇ ಜಾರುತ್ತಾ ನೆಲಕ್ಕೆ ಕೂತೆ. ಮಗು ಎದೆಗೆ ಒತ್ತಿಕೊಂಡೇ ಇತ್ತು, ಅದಕ್ಕೆ ಎಚ್ಚರವೂ ಆಗಲಿಲ್ಲ. ಗಂಡ ಓಡಿ ಬಂದು ಎತ್ತಿಕೊಂಡರು. ಗೋಡೆ ಒಂದು ಮಾರು ದೂರ ಇದ್ದಿದ್ದರೆ ಏನಾಗುತ್ತಿತ್ತು ಅನ್ನುವುದನ್ನು ನೆನೆಸಿಕೊಂಡರೆ ಈಗಲೂ ಕೈ ತಣ್ಣಗಾಗುತ್ತದೆ.

ಮರುದಿನ ನೋಡಿದ ಡಾಕ್ಟರು ಮೊದಲು ಬಿಪಿ ನೋಡಿದರು. ರಕ್ತದ ಸಕ್ಕರೆ, ಥೈರಾಯ್ಡ್, ಹಿಮೋಗ್ಲೋಬಿನ್ ಪರೀಕ್ಷೆ ಬರೆದುಕೊಟ್ಟರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು: "ನಿನ್ನೆ ಬೆಳಗಿನಿಂದ ಏನೇನು ತಿಂದಿರಿ, ಒಂದೊಂದಾಗಿ ಹೇಳಿ." ಹೇಳುತ್ತಾ ಹೋದೆ, ಅವರು ಚೀಟಿಯ ಹಿಂದೆ ಬರೆಯುತ್ತಾ ಹೋದರು. ಕೂಡಿಸಿದರೆ ಸುಮಾರು 1400 ಕ್ಯಾಲೊರಿ.

ಅದೇ ಚೀಟಿಯಲ್ಲಿ ಖರ್ಚಿನ ಕಡೆಯನ್ನೂ ಬರೆದರು. ಆ ಲೆಕ್ಕ ನಿಮಗೂ ಬೇಕು, ಆದ್ದರಿಂದ ಹಾಗೇ ಹೇಳುತ್ತೇನೆ.

ಎದೆಹಾಲು ಮಾತ್ರ ಕುಡಿಯುವ ಎರಡು ಮೂರು ತಿಂಗಳ ಮಗು ದಿನಕ್ಕೆ ಸರಾಸರಿ 750 ಎಂಎಲ್ ಆಸುಪಾಸು ಕುಡಿಯುತ್ತದೆ. 100 ಎಂಎಲ್ ಹಾಲಿನಲ್ಲಿ ಸುಮಾರು 65-70 ಕ್ಯಾಲೊರಿ ಇರುತ್ತದೆ. ಅಂದರೆ ದಿನಕ್ಕೆ ಸುಮಾರು 500 ಕ್ಯಾಲೊರಿ ಹಾಲಿನ ರೂಪದಲ್ಲೇ ಹೊರಗೆ ಹೋಗುತ್ತದೆ. ಆ ಹಾಲನ್ನು ತಯಾರಿಸುವ ಕೆಲಸಕ್ಕೂ ಶಕ್ತಿ ಬೇಕಲ್ವಾ? ಅದನ್ನೂ ಸೇರಿಸಿದರೆ ಹಾಲಿನ ಬಾಬ್ತು 600 ದಾಟುತ್ತದೆ. ಹಾಲುಣಿಸದೆ ಇದ್ದಿದ್ದರೆ ನನ್ನಷ್ಟು ಮೈಕಟ್ಟಿನ, ನನ್ನಷ್ಟು ಓಡಾಡುವ ಹೆಂಗಸಿಗೆ ಬೇಕಿದ್ದದ್ದು ಸುಮಾರು 2000. ಎರಡೂ ಕೂಡಿದರೆ 2600. ಬಸಿರಿನಲ್ಲಿ ಕೂಡಿಟ್ಟ ಕೊಬ್ಬಿನಿಂದ ದಿನಕ್ಕೆ ಒಂದು 150-200 ಕ್ಯಾಲೊರಿ ಆರಾಮಾಗಿ ಬರುತ್ತದೆ, ಅದು ಬರಲಿ ಅಂತಲೇ ದೇಹ ಕೂಡಿಟ್ಟಿರುವುದು. ಉಳಿದ 2400 ಊಟದಿಂದ ಬರಬೇಕಿತ್ತು. ಬರುತ್ತಿದ್ದದ್ದು 1400.

ನಿಮ್ಮ ಲೆಕ್ಕದಲ್ಲಿ 2000 ಇರುವ ಜಾಗದ ಅಂಕಿ ಬೇರೆ ಇರಬಹುದು. ಅವಳಿ ಮಕ್ಕಳಾದರೆ ಹಾಲಿನ ಬಾಬ್ತೇ ದುಪ್ಪಟ್ಟಿನ ಹತ್ತಿರ ಹೋಗುತ್ತದೆ. ಆದರೆ ಊಟವಾಗಿ ಒಂದು ಗಂಟೆಗೆ ಯಾಕೆ ಹಸಿವು ಅನ್ನುವುದಕ್ಕೆ ಉತ್ತರ ಇಲ್ಲಿದೆ. ದಿನಕ್ಕೆ ಒಂದು ಊಟಕ್ಕಿಂತ ಜಾಸ್ತಿ ಶಕ್ತಿ ಹಾಲಾಗಿ ಹೋಗುತ್ತಿದೆ, ರಾತ್ರಿಯೂ ಹೋಗುತ್ತಿದೆ. ಜೊತೆಗೆ ಹಾಲು ತಯಾರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನಿಗೂ ಹಸಿವು ಹೆಚ್ಚಿಸುವ ಗುಣ ಇದೆ. ಆದ್ದರಿಂದ "ಹತೋಟಿಗೆ ತರೋದು ಹೇಗೆ" ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹತೋಟಿ ತಪ್ಪಿದ್ದು ಅಲ್ಲಿ ಏನೂ ಇಲ್ಲ. ಹಸಿವಾದರೆ ತಿನ್ನಿ.

ತೂಕದ ಮಾತು. ನಾನು ಐದು ವಾರದಲ್ಲಿ ಐದೂವರೆ ಕೆಜಿ ಇಳಿದಿದ್ದೆ, ಖುಷಿಯೂ ಪಟ್ಟಿದ್ದೆ. ವಾರಕ್ಕೆ ಒಂದು ಕೆಜಿ ಮೀರಿದ ಇಳಿಕೆ ಅದು. ಹಾಲುಣಿಸುವಾಗ ವಾರಕ್ಕೆ ಅರ್ಧ ಕೆಜಿವರೆಗೆ ಸಾಕು, ಅದೂ ಹಾಲು ಚೆನ್ನಾಗಿ ಬರುವುದು ಕುದುರಿದ ಮೇಲೆ ಅಂದರು ಡಾಕ್ಟರು. ಹಿಮೋಗ್ಲೋಬಿನ್ 9.4 ಬಂತು. ಅದರಲ್ಲಿ ಹೆರಿಗೆಯಲ್ಲಿ ಹೋದ ರಕ್ತದ ಪಾಲೂ ಇತ್ತು, ಕಬ್ಬಿಣದ ಮಾತ್ರೆ ಶುರುವಾಯಿತು. ಇನ್ನೊಂದು ಮಾತನ್ನೂ ಹೇಳಿದರು. ಹಾಲಿನ ಪ್ರಮಾಣವನ್ನು ದೇಹ ಕಾಪಾಡಿಕೊಂಡರೂ ಹಾಲಿನಲ್ಲಿರುವ ಎಲ್ಲವನ್ನೂ ಕಾಪಾಡುವುದಿಲ್ಲ. ಬಿ12, ಅಯೋಡಿನ್ ಥರದವು ತಾಯಿಯಲ್ಲಿ ಕಡಿಮೆಯಾದರೆ ಹಾಲಿನಲ್ಲೂ ಕಡಿಮೆ ಆಗುತ್ತವೆ. ಅದು ಮಗುವಿನ ತೂಕದಲ್ಲಿ ತಕ್ಷಣ ಕಾಣಿಸುವುದಿಲ್ಲ. ಮಾಂಸ, ಮೊಟ್ಟೆ, ಹಾಲು ಯಾವುದನ್ನೂ ಮುಟ್ಟದವರು ಬಿ12 ಬಗ್ಗೆ ಕೇಳಲೇಬೇಕು.

ಈಗ ಬಾಯಾರಿಕೆ. ಅದು ಹಸಿವಿನ ತಂಗಿಯಲ್ಲ, ಅದರ ದಾರಿಯೇ ಬೇರೆ. ಹಾಲಿನಲ್ಲಿ ನೂರಕ್ಕೆ ಸುಮಾರು 87 ಭಾಗ ನೀರು. 750 ಎಂಎಲ್ ಹಾಲು ಕೊಟ್ಟರೆ 650 ಎಂಎಲ್‌ನಷ್ಟು ನೀರು ದೇಹದಿಂದ ಹೋಯಿತು. ಆದರೆ ಹಾಲು ಕೊಡಲು ಕೂತ ತಕ್ಷಣ ಗಂಟಲು ಒಣಗುವುದಕ್ಕೆ ಈ ನಷ್ಟ ಮಾತ್ರ ಕಾರಣವಲ್ಲ. ಮಗು ಚೀಪಲು ಶುರು ಮಾಡಿದಾಗ ಆಕ್ಸಿಟೋಸಿನ್ ಬಿಡುಗಡೆಯಾಗಿ ಹಾಲು ಇಳಿಯುತ್ತದೆ. ಬಾಯಾರಿಕೆ ಏಳುವುದೂ ಅದೇ ಹೊತ್ತಿಗೆ. ನನಗೆ ಎದೆಯಲ್ಲಿ ಜುಮ್ ಅಂದು ಹಾಲು ಇಳಿದ ಒಂದೆರಡು ನಿಮಿಷಕ್ಕೆ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ನೀರು ಕೈಗೆಟುಕುವಲ್ಲಿ ಇಲ್ಲದಿದ್ದರೆ ಅದೊಂದು ದೊಡ್ಡ ಹಿಂಸೆ, ಮಗುವನ್ನು ಬಿಡಿಸಿ ಏಳುವ ಹಾಗೂ ಇಲ್ಲ. ಮುಚ್ಚಳ ತಿರುಗಿಸಬೇಕಾದ ಬಾಟಲಿ ಬೇಡ, ಒಂದೇ ಕೈಯಲ್ಲಿ ತೆರೆಯುವಂಥದ್ದು ಇಟ್ಟುಕೊಳ್ಳಿ.

ಎಷ್ಟು ಕುಡಿಯಬೇಕು? ಬಾಯಾರಿಕೆ ತೀರುವಷ್ಟು. ಬೇರೆ ದಿನಗಳಿಗಿಂತ ಮುಕ್ಕಾಲು ಲೀಟರಿನಷ್ಟು ಜಾಸ್ತಿ ತಾನಾಗಿಯೇ ಹೋಗುತ್ತದೆ. ಉಚ್ಚೆ ತಿಳಿಹಳದಿ ಇದ್ದರೆ ಸಾಕಾಗುತ್ತಿದೆ ಅಂತ ಅರ್ಥ. ಗಾಢ ಬಣ್ಣ, ಮಲಬದ್ಧತೆ, ತಲೆನೋವು ಇದ್ದರೆ ಇನ್ನೂ ಬೇಕು. ಅದಕ್ಕಿಂತ ಜಾಸ್ತಿ ಬಲವಂತವಾಗಿ ಕುಡಿದರೆ ಹಾಲೇನೂ ಹೆಚ್ಚಾಗುವುದಿಲ್ಲ. ನಾನು ಹಸಿವು ಅಡಗಿಸಲು ದಿನಕ್ಕೆ ಐದು ಲೀಟರ್ ಹತ್ತಿರ ಕುಡಿಯುತ್ತಿದ್ದೆ. ಅದರಿಂದ ಸಿಕ್ಕಿದ್ದು ರಾತ್ರಿ ಮಗು ಮಲಗಿದ ಸ್ವಲ್ಪ ಹೊತ್ತಿನಲ್ಲೂ ಬಚ್ಚಲಿಗೆ ಓಡುವ ಕೆಲಸ, ಮತ್ತು ಊಟದ ಹೊತ್ತಿಗೆ ನೀರಿನಿಂದ ಉಬ್ಬಿದ ಹೊಟ್ಟೆ. ಇನ್ನೂ ಮಿತಿಮೀರಿ ಕುಡಿದರೆ ರಕ್ತದ ಸೋಡಿಯಂ ಇಳಿಯುವ ಅಪಾಯವೂ ಇದೆ.

ಆಮೇಲೆ ನಾನು ಮಾಡಿದ್ದು ಇಷ್ಟೇ. ಮೂರು ಊಟ ಹಾಗೇ ಇರಲಿ, ನಡುವೆ ಎರಡು ಸಲ, ರಾತ್ರಿ ಒಂದು ಸಲ ತಿನ್ನುವುದು ಅಂತ ಇಟ್ಟುಕೊಂಡೆ. ರಾತ್ರಿಯದ್ದು ಸಂಜೆಯೇ ಡಬ್ಬಿಗೆ ತುಂಬಿ ಹಾಸಿಗೆ ಪಕ್ಕ ಇಡಬೇಕು. ಎರಡು ಗಂಟೆಗೆ ಅಡುಗೆಮನೆಗೆ ಹೋಗಿ ಹುಡುಕುವ ತ್ರಾಣ ಯಾರಿಗೂ ಇರುವುದಿಲ್ಲ, ಇದ್ದರೂ ಕೈಗೆ ಸಿಕ್ಕುವುದು ಬಿಸ್ಕತ್ತು. ಬರೀ ಸಿಹಿ ತಿಂದಾಗ ಹಸಿವು ಬೇಗ ವಾಪಸ್ ಬರುತ್ತಿತ್ತು. ಕಾಳು, ಮೊಟ್ಟೆ, ಮೊಸರು, ಬೀಜಗಳು ಜೊತೆಗಿದ್ದರೆ ಮುಂದಿನ ಹಾಲಿನವರೆಗೆ ತಡೆಯುತ್ತಿತ್ತು. ಹತ್ತು ದಿನಕ್ಕೆ ಕೈ ನಡುಕ ನಿಂತಿತು. ತೂಕ ಆಮೇಲೂ ಇಳಿಯಿತು, ನಿಧಾನವಾಗಿ.

ಆದರೆ ಎಲ್ಲ ಹಸಿವು ಬಾಯಾರಿಕೆಯೂ ಹಾಲಿನದ್ದೇ ಅಂತ ಬಿಡಬೇಡಿ. ಡಾಕ್ಟರು ಆ ಪರೀಕ್ಷೆಗಳನ್ನು ಬರೆದದ್ದು ಇದಕ್ಕೇ. ಹೊಟ್ಟೆ ತುಂಬ ತಿಂದರೂ ತೂಕ ಸರಸರನೆ ಇಳಿಯುತ್ತಿದ್ದರೆ, ಎದೆ ಡವಡವ ಅನ್ನುತ್ತಾ ಕೈ ನಡುಗಿ ಮೈ ಬೆವರುತ್ತಿದ್ದರೆ ಥೈರಾಯ್ಡ್ ನೋಡಿಸಿ. ಹೆರಿಗೆಯಾದ ಮೊದಲ ಕೆಲವು ತಿಂಗಳಲ್ಲಿ ಥೈರಾಯ್ಡ್ ಹಾಗೆ ಕೆರಳುವುದುಂಟು. ನನಗೂ ಕೈ ನಡುಗುತ್ತಿತ್ತು, ವರದಿ ಸರಿಯಿತ್ತು, ಆದರೆ ವರದಿ ಬರುವವರೆಗೆ ಅದು ಯಾರಿಗೂ ಗೊತ್ತಿರಲಿಲ್ಲ. ಹಾಲು ಕೊಡದ ಹೊತ್ತಿನಲ್ಲೂ ತೀರದ ಬಾಯಾರಿಕೆ, ಎಡೆಬಿಡದ ಉಚ್ಚೆ ಇದ್ದರೆ ಸಕ್ಕರೆ ಪರೀಕ್ಷೆ. ಬಸಿರಿನಲ್ಲಿ ಸಕ್ಕರೆ ಏರಿದ್ದವರು ಇದನ್ನು ಮುಂದೂಡಲೇಬಾರದು. ಇನ್ನು ಉಪವಾಸ ಮಾಡುತ್ತಲೋ, ಅನ್ನ ರೊಟ್ಟಿಯಂಥ ಪಿಷ್ಟವನ್ನು ಪೂರ್ತಿ ಬಿಟ್ಟೋ ಇರುವ ಹಾಲುಣಿಸುವ ತಾಯಿಗೆ ವಾಂತಿ, ವಿಪರೀತ ಸುಸ್ತು, ಏದುಸಿರು ಶುರುವಾದರೆ ಬೆಳಗಾಗಲಿ ಅಂತ ಕಾಯಬೇಡಿ. ರಕ್ತದಲ್ಲಿ ಆಮ್ಲ ಏರಿರಬಹುದು, ಅದು ಅಪರೂಪವಾದರೂ ಆಸ್ಪತ್ರೆಯಲ್ಲೇ ನೋಡಬೇಕಾದದ್ದು.

ಇದು ಎಷ್ಟು ದಿನ ಅಂತ ನೀವು ಕೇಳಿಲ್ಲ, ಆದರೆ ನನಗೆ ಆಗ ಅದೇ ಚಿಂತೆ ಇತ್ತು. ಆರು ತಿಂಗಳಾಗಿ ಮಗು ಬೇರೆ ಆಹಾರ ಶುರು ಮಾಡಿದ ಮೇಲೆ ಹಾಲು ನಿಧಾನವಾಗಿ ಕಡಿಮೆ ಕುಡಿಯಿತು, ನನ್ನ ಹಸಿವೂ ಅದರ ಹಿಂದೆಯೇ ಇಳಿಯಿತು. ಎಂಟನೇ ತಿಂಗಳಲ್ಲಿ ಒಂದು ಬೆಳಿಗ್ಗೆ ನೋಡಿದರೆ ಹಾಸಿಗೆ ಪಕ್ಕದ ಡಬ್ಬಿ ತೆರೆದೇ ಇರಲಿಲ್ಲ.