ಮಾತ್ರೆ ಶುರುವಾದ ಮೇಲೆ ವೀರ್ಯವೇ ಬರುತ್ತಿಲ್ಲ

ಪ್ರಶ್ನೆ: ನನಗೆ 56 ವರ್ಷ, ಹಾವೇರಿ ಕಡೆ ಕಿರಾಣಿ ಅಂಗಡಿ ಇದೆ. ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಿದ್ದೆ. ಪ್ರಾಸ್ಟೇಟ್ ಊದಿದೆ ಎಂದು ಡಾಕ್ಟರು ಸೈಲೋಡೋಸಿನ್ 8 ಮಿ.ಗ್ರಾಂ ಮಾತ್ರೆ ಕೊಟ್ಟರು. ಮೂತ್ರದ ತೊಂದರೆ ಇಳಿಯಿತು. ಆದರೆ ಹೆಂಡತಿಯ ಜೊತೆ ಸೇರಿದಾಗ ಸುಖವೆಲ್ಲ ಮೊದಲಿನಂತೆಯೇ ಆಗುತ್ತದೆ, ಕೊನೆಗೆ ಒಂದು ಹನಿಯೂ ಬರುವುದಿಲ್ಲ. ವೀರ್ಯ ಒಳಗೇ ನಿಂತು ಕೆಟ್ಟುಹೋಗುತ್ತದೆಯೇ? ಹೆಂಡತಿಗೆ 47, ‘ಹೊರಗೆ ಎಲ್ಲೋ ಹೋಗಿ ಬರುತ್ತೀರಿ’ ಎನ್ನುತ್ತಾಳೆ. ಹೆದರಿ ಐದು ದಿನದಿಂದ ಮಾತ್ರೆ ಬಿಟ್ಟಿದ್ದೇನೆ, ಮೂತ್ರ ಮತ್ತೆ ತಡೆತಡೆದು ಬರುತ್ತಿದೆ. ಮಾತ್ರೆ ಆಗದಿದ್ದರೆ ಆಪರೇಷನ್ ಎಂದಿದ್ದಾರೆ. ಆಪರೇಷನ್ ಮಾಡಿಸಿಕೊಂಡರೆ ಇದು ಸರಿಹೋಗುತ್ತದೆಯೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅವಸರಪಟ್ಟರೆ ಹಿಂತಿರುಗಿಸಲಾಗದ ಸಂಗತಿ ಅದೊಂದೇ. ಆಪರೇಷನ್ ಇದನ್ನು ಸರಿಮಾಡುವುದಿಲ್ಲ. ಮಾತ್ರೆಯಿಂದ ಆಗಿರುವುದು ಮಾತ್ರೆ ಬಿಟ್ಟರೆ ಹೋಗುತ್ತದೆ. ಆಪರೇಷನ್‌ನಿಂದ ಆದರೆ ಹೆಚ್ಚಿನವರಲ್ಲಿ ಜೀವನಪೂರ್ತಿ ಹಾಗೆಯೇ ಉಳಿಯುತ್ತದೆ. ವೀರ್ಯ ಬರುತ್ತಿಲ್ಲ ಎಂಬ ಒಂದೇ ಕಾರಣಕ್ಕೆ ಮಾತ್ರೆ ಬಿಟ್ಟು ಆಪರೇಷನ್‌ಗೆ ಒಪ್ಪಿದರೆ, ಯಾವುದಕ್ಕೆ ಹೆದರಿದಿರೋ ಅದನ್ನೇ ಕಾಯಂ ಮಾಡಿಕೊಂಡಂತಾಗುತ್ತದೆ.

ಸುಖದ ತುದಿಯಲ್ಲಿ ದೇಹದೊಳಗೆ ಎರಡು ಕೆಲಸ ಒಂದರ ಹಿಂದೊಂದು ನಡೆಯುತ್ತವೆ. ಮೊದಲು ವೀರ್ಯನಾಳ, ವೀರ್ಯಕೋಶ ಮತ್ತು ಪ್ರಾಸ್ಟೇಟ್ ತಮ್ಮ ತಮ್ಮ ದ್ರವವನ್ನು ಹಿಂಡಿ ಮೂತ್ರನಾಳದ ಹಿಂಭಾಗಕ್ಕೆ ಬಿಡುತ್ತವೆ. ಅದೇ ಹೊತ್ತಿಗೆ ಮೂತ್ರಕೋಶದ ಬಾಯಿ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಕೆಳಹೊಟ್ಟೆಯ ತಳದ ಸ್ನಾಯುಗಳು ಬಡಿದಂತೆ ಸಂಕುಚಿಸಿ ದ್ರವವನ್ನು ಮುಂದಕ್ಕೆ ತಳ್ಳುತ್ತವೆ. ನಿಮಗೆ ಅನುಭವವಾಗುವ ಸುಖ ಬರುವುದು ನರಗಳಿಂದ ಮತ್ತು ಈ ಸ್ನಾಯುಗಳ ಬಡಿತದಿಂದ, ದ್ರವದಿಂದಲ್ಲ. ಹಾಗಾಗಿಯೇ ಹನಿ ಇಲ್ಲದಿದ್ದರೂ ಸುಖ ಉಳಿದಿದೆ. ಕೆಲವರಿಗೆ ತುಸು ಸಪ್ಪೆ ಅನಿಸುವುದುಂಟು, ಅದನ್ನು ಅಲ್ಲಗಳೆಯುವುದಿಲ್ಲ.

ಸೈಲೋಡೋಸಿನ್ ಮಾಡುವ ಕೆಲಸವೇ ಪ್ರಾಸ್ಟೇಟ್ ಮತ್ತು ಮೂತ್ರಕೋಶದ ಬಾಯಿಯ ಸ್ನಾಯುಗಳನ್ನು ಸಡಿಲಿಸುವುದು. ನಿಮಗೆ ಮೂತ್ರ ಸಲೀಸಾಗಿ ಹೋದದ್ದು ಅದರಿಂದಲೇ. ಅದೇ ಬಗೆಯ ಸ್ನಾಯು ವೀರ್ಯನಾಳ ಮತ್ತು ವೀರ್ಯಕೋಶದಲ್ಲೂ ಇದೆ. ಅವೂ ಸಡಿಲವಾದಾಗ ದ್ರವ ಹಿಂಡಿ ಬರುವುದೇ ಇಲ್ಲ. ಇದನ್ನು ಹಿಮ್ಮುಖ ಸ್ಖಲನ ಎಂದೇ ಹಲವರು ಬರೆಯುತ್ತಾರೆ, ಆದರೆ ಈ ಜಾತಿಯ ಮಾತ್ರೆಗಳಲ್ಲಿ ವೀರ್ಯ ಹಿಂದಕ್ಕೆ ಹೋಗುವುದಕ್ಕಿಂತ ಹೊರಡದೇ ಇರುವುದೇ ಹೆಚ್ಚು. ಸೈಲೋಡೋಸಿನ್ ಪರೀಕ್ಷೆಗಳಲ್ಲಿ ನೂರಕ್ಕೆ ಸುಮಾರು 28 ಗಂಡಸರಿಗೆ ಹೀಗಾಗಿದೆ. ನಿಮಗೆ ಮಾತ್ರೆ ಕೊಡುವಾಗಲೇ ಈ ಮಾತು ಹೇಳಬೇಕಿತ್ತು. ಹೇಳಿದ್ದರೆ ನಿಮ್ಮ ಮನೆಯಲ್ಲಿ ಈ ಜಗಳವೇ ಇರುತ್ತಿರಲಿಲ್ಲ.

ಹೊರಬರದ ವೀರ್ಯ ಕೆಡುವುದಿಲ್ಲ, ವಿಷವಾಗುವುದಿಲ್ಲ, ಗಂಟು ಕಟ್ಟುವುದಿಲ್ಲ. ವೀರ್ಯಾಣುಗಳನ್ನು ದೇಹ ಕರಗಿಸಿ ಹೀರಿಕೊಳ್ಳುತ್ತದೆ, ಅದು ಎಲ್ಲ ಗಂಡಸರಲ್ಲೂ ದಿನವೂ ನಡೆಯುವ ಕೆಲಸ. ಇಷ್ಟು ಹನಿ ರಕ್ತಕ್ಕೆ ಒಂದು ಹನಿ ಧಾತು ಎಂಬ ಮಾತು ನಮ್ಮ ಕಡೆ ತಲೆಮಾರುಗಳಿಂದ ಗಂಡಸರನ್ನು ಹೆದರಿಸುತ್ತಾ ಬಂದಿದೆ, ಅದರಲ್ಲಿ ಸತ್ಯವಿಲ್ಲ. ವೀರ್ಯದ ಬಹುಪಾಲು ವೀರ್ಯಕೋಶ ಮತ್ತು ಪ್ರಾಸ್ಟೇಟ್ ಒಸರುವ ನೀರು. ಗಂಡಸುತನ ಕುಂದಿತೆಂದು ಅಂಗಡಿಯಲ್ಲಿ ‘ಶಕ್ತಿ’ ಮಾತ್ರೆ ಕೊಳ್ಳಬೇಡಿ. ಅವುಗಳಲ್ಲಿ ಸಿಲ್ಡೆನಾಫಿಲ್ ಇದ್ದು ಸೈಲೋಡೋಸಿನ್ ಜೊತೆ ಸೇರಿದರೆ ಬಿ.ಪಿ. ಕುಸಿದು ತಲೆ ತಿರುಗಿ ಬೀಳಬಹುದು.

ನಿಜವಾದ ಹಿಮ್ಮುಖ ಸ್ಖಲನ ಕಾಣುವುದು ಆಪರೇಷನ್ ನಂತರ. ಮೂತ್ರದ ದಾರಿಯಿಂದಲೇ ಉಪಕರಣ ಹಾಕಿ ಪ್ರಾಸ್ಟೇಟನ್ನು ಕೆರೆದು ತೆಗೆಯುವ ಟಿ.ಯು.ಆರ್.ಪಿ.ಯಲ್ಲಿ ಮೂತ್ರಕೋಶದ ಬಾಯಿಯೂ ಅಗಲವಾಗುತ್ತದೆ, ಮತ್ತೆ ಮುಚ್ಚಿಕೊಳ್ಳುವುದಿಲ್ಲ. ಆಗ ವೀರ್ಯ ಸುಲಭದ ದಾರಿ ಹಿಡಿದು ಮೂತ್ರಕೋಶಕ್ಕೆ ಹೋಗಿ, ಮುಂದಿನ ಸಲ ಮೂತ್ರದ ಜೊತೆ ಮಸುಕಾಗಿ ಹೊರಬರುತ್ತದೆ. ಈ ಆಪರೇಷನ್ ಆದ ನೂರರಲ್ಲಿ ಸುಮಾರು 65ರಿಂದ 75 ಜನಕ್ಕೆ ಹೀಗಾಗುತ್ತದೆ, ಲೇಸರ್‌ನಿಂದ ಗಡ್ಡೆ ಬಿಡಿಸಿ ತೆಗೆದರೂ ಹೆಚ್ಚು ವ್ಯತ್ಯಾಸವಿಲ್ಲ. ಅಪಾಯವಿಲ್ಲ, ಆದರೆ ಇದಕ್ಕೆ ಮಾತ್ರೆಯೂ ಇಲ್ಲ. ಬಾಯಿ ಬಿಗಿಗೊಳಿಸುವ ಔಷಧಿಗಳು ಕೆಲಸ ಮಾಡಲು ಅಲ್ಲಿ ಸ್ನಾಯು ಉಳಿದಿರಬೇಕಲ್ಲ. ಪ್ರಾಸ್ಟೇಟನ್ನು ಕೆರೆಯದೆ ಪಕ್ಕಕ್ಕೆ ಎಳೆದು ಕಟ್ಟುವ, ಅಥವಾ ಹಬೆಯಿಂದ ಕುಗ್ಗಿಸುವ ವಿಧಾನಗಳು ವೀರ್ಯವನ್ನು ಬಹುಮಟ್ಟಿಗೆ ಉಳಿಸುತ್ತವೆ, ಆದರೆ ಅವು ಎಲ್ಲ ಊರಲ್ಲೂ ಸಿಗುವುದಿಲ್ಲ, ಎಲ್ಲ ಗಾತ್ರದ ಪ್ರಾಸ್ಟೇಟಿಗೂ ಹೊಂದುವುದಿಲ್ಲ. ಮುಂದೆ ಆಪರೇಷನ್ ಮಾತು ಬಂದರೆ ‘ನನಗೆ ವೀರ್ಯ ಉಳಿಯುವುದು ಮುಖ್ಯ, ಏನು ದಾರಿ ಇದೆ?’ ಎಂದು ನೇರವಾಗಿ ಕೇಳಿ. ಕೇಳದಿದ್ದರೆ ಬಹಳ ಡಾಕ್ಟರು ತಾವಾಗಿ ಹೇಳುವುದಿಲ್ಲ.

ಈಗ ಈ ವಾರ ಮಾಡಬೇಕಾದದ್ದು. ನಾಳೆಯೇ ಮಾತ್ರೆ ಕೊಟ್ಟ ಡಾಕ್ಟರನ್ನು ಕಾಣಿ. ಐದು ದಿನ ಬಿಟ್ಟಿದ್ದನ್ನು ಮುಚ್ಚಿಡಬೇಡಿ. ಒಮ್ಮೆಲೇ ಮೂತ್ರ ಕಟ್ಟಿ ಹೊಟ್ಟೆ ಉಬ್ಬಿ ನೋವು ಬಂದರೆ ಬೆಳಗಿನವರೆಗೆ ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ, ನಳಿಕೆ ಹಾಕಿ ಇಳಿಸಬೇಕಾಗುತ್ತದೆ. ಡಾಕ್ಟರಿಗೆ ‘ಮೂತ್ರಕ್ಕೆ ಒಳ್ಳೆಯದಾಗಿತ್ತು, ವೀರ್ಯ ನಿಂತಿದ್ದು ನಮಗೆ ತೊಂದರೆ’ ಎಂದು ಅಷ್ಟೇ ಮಾತಿನಲ್ಲಿ ಹೇಳಿ. ಅವರು ಟ್ಯಾಮ್ಸುಲೋಸಿನ್‌ಗೋ, ಆಲ್ಫ್ಯುಜೋಸಿನ್‌ಗೋ ಬದಲಿಸಬಹುದು. ಟ್ಯಾಮ್ಸುಲೋಸಿನ್‌ನಲ್ಲಿ ಈ ತೊಂದರೆ ಕಡಿಮೆ, ಆಲ್ಫ್ಯುಜೋಸಿನ್‌ನಲ್ಲಿ ಅಪರೂಪ. ಆದರೆ ಮೊದಮೊದಲು ಎದ್ದುನಿಂತಾಗ ತಲೆ ತಿರುಗುವುದುಂಟು, ಊಟದ ಜೊತೆ ತೆಗೆದುಕೊಂಡು ನಿಧಾನವಾಗಿ ಏಳಿ. ಜೊತೆಗೆ ಡ್ಯುಟಾಸ್ಟೆರೈಡ್ ಸೇರಿದ ಮಾತ್ರೆ ಬರೆದರೆ ಒಂದು ಮಾತು ಕೇಳಿ ತಿಳಿದುಕೊಳ್ಳಿ: ದೊಡ್ಡ ಪ್ರಾಸ್ಟೇಟಿಗೆ ಅದು ಒಳ್ಳೆಯದೇ, ಆದರೆ ವೀರ್ಯವನ್ನೂ ಕೆಲವರಲ್ಲಿ ಆಸೆಯನ್ನೂ ಕುಗ್ಗಿಸುತ್ತದೆ.

ಮಾತ್ರೆ ಬದಲಿಸಿ ಎರಡು ಮೂರು ವಾರ ಕಳೆದರೂ ಒಣಗಿದಂತೆಯೇ ಇದ್ದರೆ ಕಾರಣ ಬೇರೆ ಇರಬಹುದು. ಹಳೆಯ ಸಕ್ಕರೆ ಕಾಯಿಲೆ ನರಗಳನ್ನು ಕೆಡಿಸಿದರೂ ವೀರ್ಯ ಹಿಂದಕ್ಕೆ ಹೋಗುತ್ತದೆ, ಆದ್ದರಿಂದ ಸಕ್ಕರೆ ನೋಡಿಸಿ. ಹಿಂದಕ್ಕೆ ಹೋಗುತ್ತಿದೆಯೇ ಎಂದು ತಿಳಿಯುವ ಪರೀಕ್ಷೆ ಸರಳ. ಮೊದಲು ಮೂತ್ರ ಪೂರ್ತಿ ಮಾಡಿ, ಸ್ಖಲನದ ಸುಖ ಆದ ಕೂಡಲೇ ಮತ್ತೆ ಬಂದ ಮೂತ್ರವನ್ನು ಲ್ಯಾಬಿನವರು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ವೀರ್ಯಾಣು ತುಂಬಾ ಕಂಡರೆ ಹಿಮ್ಮುಖ. ಮೂತ್ರದಲ್ಲಿ ರಕ್ತ, ಉರಿ ಅಥವಾ ಜ್ವರ ಇದ್ದರೆ ಮಾತ್ರ ಅದು ಈ ಕಥೆಯದ್ದಲ್ಲ, ತಡಮಾಡದೆ ತೋರಿಸಿ.

ನಿಮ್ಮ ಮನೆಯವರನ್ನು ಆ ಭೇಟಿಗೆ ಕರೆದುಕೊಂಡು ಹೋಗಿ. ನೀವು ಎಷ್ಟು ಆಣೆ ಮಾಡಿದರೂ ಅವರ ಕಿವಿಗೆ ಅದು ನೆಪದಂತೆಯೇ ಕೇಳಿಸೀತು. ಈ ಮಾತ್ರೆಗೆ ಹೀಗಾಗುತ್ತದೆ ಎಂದು ಡಾಕ್ಟರು ಎದುರಿಗೇ ಹೇಳಲಿ. ಮಾತ್ರೆ ಬಿಟ್ಟ ಈ ದಿನಗಳಲ್ಲಿ ನೀವಿಬ್ಬರೂ ಸೇರಿದರೆ ವೀರ್ಯ ಮರಳಿದ್ದನ್ನು ಅವರೇ ನೋಡಲೂಬಹುದು, ಕೆಲವು ದಿನಗಳಿಂದ ಕೆಲವು ವಾರಗಳೊಳಗೆ ಅದು ಬರುತ್ತದೆ. ಅವರಿಗೆ ಇನ್ನೂ ಮುಟ್ಟು ನಿಂತಿಲ್ಲವಾದರೆ, ಹನಿ ಕಾಣಲಿಲ್ಲ ಎಂದು ಬಸಿರು ತಡೆಯುವ ಎಚ್ಚರಿಕೆ ಬಿಡಬೇಡಿ.